ಈರುಳ್ಳಿ ಬಿಟ್ಟ ಅನುವಾದ

ಹಳೇಬೀಡಿನ ಜಯಮಾಲಾ ಫೋನ್ ನೋಡಿಕೊಂಡು ಅಡುಗೆ ಓದುವುದನ್ನು ನೀವು ಒಮ್ಮೆ ಕೇಳಬೇಕಿತ್ತು. ಫೋನಿನಲ್ಲಿ ಇರುವುದು ಹಿಂದಿಯೋ ಇಂಗ್ಲಿಷೋ; ಅವಳ ಬಾಯಿಂದ ಬರುವುದು ಮಾತ್ರ ಅಚ್ಚ ಕನ್ನಡ. ಎಲ್ಲೂ ತಡೆಯುವುದಿಲ್ಲ, ಎಲ್ಲೂ ತಡಕಾಡುವುದಿಲ್ಲ. ಅತ್ತೆ ಪದ್ಮಾವತಮ್ಮ ಒಲೆಯ ಮುಂದೆ ನಿಂತು ಕೇಳಿಕೊಂಡು ಮಾಡುತ್ತಾ ಹೋಗುವುದು, ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ಓದುತ್ತಾ ಹೋಗುವುದು. ಮದುವೆಯಾಗಿ ಬಂದ ಹೊಸದರಲ್ಲಿ ಶುರುವಾದ ಈ ಅಭ್ಯಾಸ ಮಗಳು ಬ್ರಾಹ್ಮಿ ಹಾಸನದ ಹಾಸ್ಟೆಲ್ಲಿಗೆ ಹೋದ ಮೇಲೂ ನಿಂತಿರಲಿಲ್ಲ.

ಆ ಓದಿನಲ್ಲಿ ಒಂದು ಗುಟ್ಟಿತ್ತು. ಗುಟ್ಟು ಅಂದರೆ ಮುಚ್ಚಿಟ್ಟಿದ್ದೇನಲ್ಲ, ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಜೈನರ ಮನೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಮಣ್ಣಿನೊಳಗೆ ಬೆಳೆಯುವ ಯಾವುದೂ ಒಳಗೆ ಬರುವಂತಿಲ್ಲ. ಎಷ್ಟೋ ಮನೆಗಳಲ್ಲಿ ಈಗ ನಿಯಮ ಸಡಿಲವಾಗಿದೆ, ಪದ್ಮಾವತಮ್ಮನ ಮನೆಯಲ್ಲಿ ಆಗಿಲ್ಲ. ವಸ್ತು ಬಾರದಿರುವುದು ಹಾಗಿರಲಿ, ಹೆಸರೂ ಬರಬಾರದು. ಮೊದಲ ವಾರದಲ್ಲೇ ಹೊಸ ಸೊಸೆ ಜೋರಾಗಿ "ಈರುಳ್ಳಿ ಎರಡು" ಎಂದು ಓದಿದಾಗ ಪದ್ಮಾವತಮ್ಮ ಸೌಟು ಕೆಳಗಿಟ್ಟಿದ್ದರು.

"ಅದರ ಹೆಸರು ಅಡುಗೆಮನೇಲಿ ಎತ್ತಬೇಡ ಕಣಮ್ಮ. ಬಿಟ್ಟು ಓದು."

ಅಂದಿನಿಂದ ಜಯಮಾಲಾ ಬಿಟ್ಟು ಓದಿದಳು. ಬರೀ ಬಿಡುವುದಲ್ಲ, ಬಿಟ್ಟ ಜಾಗವನ್ನು ತುಂಬುವುದನ್ನೂ ಕಲಿತಳು. ಆಲೂಗಡ್ಡೆ ಬಂದರೆ ಬಾಳೆಕಾಯಿ, ಬೆಳ್ಳುಳ್ಳಿ ಬಂದರೆ ಇಂಗು, ಹಸಿ ಶುಂಠಿ ಬಂದರೆ ಒಣ ಶುಂಠಿ, ಈರುಳ್ಳಿ ಬಂದರೆ ಒಂದು ಸಣ್ಣ ಉಸಿರು ಎಳೆದುಕೊಂಡು ಮುಂದಿನ ಸಾಲು. ನೆಂಟರ ಹೆಂಗಸರೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡ ಮೇಲಂತೂ ಅವಳ ಹೆಸರು ಎಲ್ಲೆಲ್ಲೋ ಹೋಯಿತು. ಯಾವ ಊರಿನ ಯಾವ ಅತ್ತಿಗೆ ಯಾವ ವಿಡಿಯೋ ಕಳಿಸಿದರೂ ಮಧ್ಯಾಹ್ನದೊಳಗೆ ಜಯಮಾಲಾ ಅದನ್ನು ಕನ್ನಡದಲ್ಲಿ, ಕಂದಮೂಲ ಕಳೆದು, ಬರೆದು ಹಾಕುತ್ತಿದ್ದಳು. "ನಮ್ಮ ಜಯಾ ಬರೆದ್ರೆ ಓದ್ತಾ ಇದ್ದಂಗೇ ಬಾಯಲ್ಲಿ ನೀರು ಬರುತ್ತೆ" ಅನ್ನುವರು. ಹೊಗಳಿಕೆ ಸಿಕ್ಕಿತು, ಕೆಲಸ ಅಂತ ಯಾರೂ ಅಂದುಕೊಳ್ಳಲಿಲ್ಲ.

ಅವಳು ಮಾತ್ರ ಅಂದುಕೊಂಡಿದ್ದಳು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು, ಊರಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಅದನ್ನೇ ಕಲಿಸುತ್ತಿದ್ದವಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಗಂಡ ನೇಮಿನಾಥನ ದಿನಸಿ ಅಂಗಡಿಯಲ್ಲಿ ಕೂತು ತೂಕ ಹಾಕಿದಳು, ಕೂತಷ್ಟು ಹೊತ್ತೂ ಸಾಬೂನಿನ ಹೊದಿಕೆಯ ಮೇಲಿನ ಕೆಟ್ಟ ಕನ್ನಡವನ್ನು ಮನಸ್ಸಿನಲ್ಲೇ ತಿದ್ದಿದಳು. "ಈ ಸಾಲು ಬರೆದೋನು ಕನ್ನಡ ಮಾತಾಡ್ತಾನೇನ್ರೀ?" ಎಂದು ಗಂಡನನ್ನು ಕೇಳುವಳು. ನೇಮಿನಾಥ ಸಾಧು ಮನುಷ್ಯ. "ಸಾಬೂನು ಖರ್ಚಾಗುತ್ತಲ್ಲ ಜಯಾ, ಬಿಡು" ಅನ್ನುವನು. ಬಿಡಲು ಅವಳಿಂದ ಆಗುತ್ತಿರಲಿಲ್ಲ. ತನಗೆ ಬರುವ ವಿದ್ಯೆಯಿಂದ, ತನ್ನದು ಅಂತ ಹೇಳಿಕೊಳ್ಳುವ ಒಂದು ಕೆಲಸ ಬೇಕು ಎಂಬ ಆಸೆ ಒಳಗೇ ಕೂತಿತ್ತು.

ಹಾಗಿರುವಾಗ ಬ್ರಾಹ್ಮಿ ಹಾಸ್ಟೆಲ್ಲಿನಿಂದ ಒಂದು ಜಾಹೀರಾತು ಕಳಿಸಿದಳು. ಅರಸೀಕೆರೆಯಲ್ಲಿ 'ಹೊಸಿಲು' ಎಂಬ ಸಣ್ಣ ಸಂಸ್ಥೆ. ಮೊಬೈಲ್ ಆ್ಯಪ್‌ಗಳಿಗೆ, ಕಂಪನಿಗಳ ಕರಪತ್ರಗಳಿಗೆ, ಆಸ್ಪತ್ರೆಗಳ ಸೂಚನೆಗಳಿಗೆ ಕನ್ನಡ ಮಾಡಿಕೊಡುವುದು ಅವರ ಕಸುಬು. ಅನುವಾದಕ್ಕೂ ಬರವಣಿಗೆಗೂ ಒಬ್ಬರು ಬೇಕಾಗಿದ್ದಾರೆ, ಒಬ್ಬರೇ, ಮನೆಯಿಂದಲೇ ಮಾಡಬಹುದು, ಸಂದರ್ಶನ ಮತ್ತು ಪರೀಕ್ಷೆಗೆ ಮಾತ್ರ ಕಚೇರಿಗೆ ಬರಬೇಕು. ಜಯಮಾಲಾ ಎರಡೆರಡು ಸಲ ಓದಿದಳು. ಇದು ತನಗೇ ಬರೆದ ಹಾಗಿದೆಯಲ್ಲ!

ಆ ಬೆಳಿಗ್ಗೆ ಅತ್ತೆ ತಾವೇ ಬುತ್ತಿ ಕಟ್ಟಿದರು, ಚಪಾತಿ, ಹೀರೇಕಾಯಿ ಪಲ್ಯ. "ಅಲ್ಲೆಲ್ಲೂ ಏನೂ ಮುಟ್ಟಬೇಡ. ಹೊತ್ತು ಮುಳುಗೋಕೆ ಮುಂಚೆ ಬಂದುಬಿಡು, ಜೊತೇಲೇ ಉಣ್ಣಣ" ಅಂದರು. ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅಷ್ಟೂ ದೂರ ತೆಂಗಿನ ತೋಟ ನೋಡುತ್ತಾ, ಅಂಗಡಿಗಳ ಬೋರ್ಡು ತಿದ್ದುತ್ತಾ ಕೂತಳು.

ಕಚೇರಿ ಇದ್ದದ್ದು ಕೊಬ್ಬರಿ ವ್ಯಾಪಾರದವರ ಗೋದಾಮಿನ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಕೊಬ್ಬರಿಯ ಘಮ, ಮೇಲೆ ಹೋದರೆ ಸಾಲಾಗಿ ಕಂಪ್ಯೂಟರು. ಪರೀಕ್ಷೆಗೆ ಬಂದಿದ್ದವನು ಇನ್ನೊಬ್ಬನೇ, ಗಂಡಸಿ ಎಂಬ ಊರಿನ ಸಂತೋಷ್, ಟ್ಯೂಷನ್ ಹೇಳಿಕೊಡುವವನು. ಸಂಸ್ಥೆ ನಡೆಸುವ ಶಶಿಧರ್ ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಬಹಳ ಕಾಲ ಉಪಸಂಪಾದಕರಾಗಿದ್ದು ಊರಿಗೆ ಮರಳಿದ ಮನುಷ್ಯ, ತಲೆ ಬೆಳ್ಳಗೆ, ಮಾತು ಮೆಲ್ಲಗೆ. ಅವರ ಪಕ್ಕದಲ್ಲಿ ಸಿರಿ ಎಂಬ ಹುಡುಗಿ. ಯಾರು ಏನೇ ಅನುವಾದ ಮಾಡಿದರೂ ಇವಳ ಕಣ್ಣು ದಾಟಿಯೇ ಗಿರಾಕಿಗೆ ಹೋಗುವುದು. ಪರಿಶೀಲನೆ ಅವಳ ಕೆಲಸ, ನಗುವುದು ಅವಳ ಕೆಲಸವಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು.

ಶಶಿಧರ್ ನಿಯಮ ಹೇಳಿದರು. "ಮೂರು ಭಾಗ ಇದೆ. ಮೊದಲು ಇಂಗ್ಲಿಷಿನಿಂದ ಕನ್ನಡಕ್ಕೆ ಒಂದು ಪುಟ. ಆಮೇಲೆ ಒಂದು ಸಣ್ಣ ಸ್ವಂತ ಬರಹ. ಊಟ ಆದ್ಮೇಲೆ, ಬೇರೆ ಯಾರೋ ಮಾಡಿದ ಅನುವಾದ ಕೊಡ್ತೀವಿ, ಅದನ್ನ ತಿದ್ದಬೇಕು. ನಿಘಂಟು ನೋಡ್ಕೊಳ್ಳಿ, ಯಂತ್ರಾನುವಾದ ಬೇಡ. ಮೂಲದಲ್ಲಿ ಇಲ್ಲದ್ದು ಸೇರಿಸಬೇಡಿ, ಇರೋದನ್ನ ಬಿಡಬೇಡಿ. ಅನುಮಾನ ಬಂದ ಕಡೆ ಪಕ್ಕದಲ್ಲಿ ಟಿಪ್ಪಣಿ ಹಾಕಿ. ಒಮ್ಮೆ ಸಲ್ಲಿಸಿದ್ಮೇಲೆ ಮತ್ತೆ ತೆರೆಯೋಕೆ ಬರಲ್ಲ."

ಜಯಮಾಲಾ ತಲೆಯಾಡಿಸಿ ಕಡತ ತೆರೆದಳು. ಒಂದು ಅಡುಗೆ ಆ್ಯಪ್‌ನ ಪುಟ. ಪೂರಿಗೆ ಮಾಡುವ ಸಾಗು!

ಒಳಗೊಳಗೇ ನಗು ಬಂತು. ಇದಕ್ಕೆ ಪರೀಕ್ಷೆ ಬೇರೆ ಬೇಕೇ? ಪಕ್ಕದಲ್ಲಿ ಸಂತೋಷ್ ನಿಘಂಟು ತಿರುವಿ ತಿರುವಿ ನಿಟ್ಟುಸಿರು ಬಿಡುತ್ತಿದ್ದ. ಇವಳ ಬೆರಳು ಮಾತ್ರ ನಿಲ್ಲಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಹಾಗೇ ಆಯಿತು, ಅತ್ತೆ ಎದುರಿಗೆ ಸೌಟು ಹಿಡಿದು ನಿಂತ ಹಾಗೇ ಆಯಿತು. ತೆಂಗಿನಕಾಯಿ ರುಬ್ಬಿಸಿದಳು, ಒಗ್ಗರಣೆ ಚಟಪಟ ಅನ್ನಿಸಿದಳು, ಕೊನೆಗೆ ಕೊತ್ತಂಬರಿ ಉದುರಿಸಿದಳು. ಒಮ್ಮೆ ಓದಿ ನೋಡಿದಳು. ಮುತ್ತಿನ ಹಾಗಿದೆ. ಸಲ್ಲಿಸಿಯೇ ಬಿಟ್ಟಳು.

ಸ್ವಂತ ಬರಹದ ವಿಷಯ ಹಾಲಿನ ಕ್ಯಾನು ತೊಳೆಯುವುದು. ಡೈರಿಗೆ ಹಾಲು ಹಾಕುವವರಿಗೆ ತಿಳಿಯುವಂತೆ ಒಂದು ಪುಟ್ಟ ಬರಹ. ಪಕ್ಕದ ಮನೆಯ ರಂಗಮ್ಮ ದಿನಾ ಬೆಳಿಗ್ಗೆ ಕ್ಯಾನು ತಿಕ್ಕುವುದನ್ನು ನೋಡಿ ನೋಡಿ ಕಣ್ಣು ಸವೆದಿತ್ತು. ಅದನ್ನೂ ಸರಾಗವಾಗಿ ಬರೆದು ಕೊಟ್ಟಳು.

ಊಟದ ಬಿಡುವಿನಲ್ಲಿ ಸಂತೋಷ್ ಹೋಟೆಲ್ಲಿಗೆ ಹೋಗಿ ದೋಸೆ ತಿಂದು ಬಂದು ಅವಳ ಪಕ್ಕ ಕೂತ. "ಅಕ್ಕ, ನೀವು ಬರೆದ ಸ್ಪೀಡ್ ನೋಡಿ ನಂಗೆ ಜೀವ ಹೋಯ್ತು ಕಣ್ರೀ. ಆ 'ಟ್ರಾನ್ಸ್‌ಲೂಸೆಂಟ್' ಇತ್ತಲ್ಲ, ಅದಕ್ಕೇನು ಬರೆದ್ರಿ?"

"ಅಂಥದ್ದು ಇತ್ತಾ?" ಅಂದಳು ಜಯಮಾಲಾ, ಬುತ್ತಿಯ ಮುಚ್ಚಳ ಹಾಕುತ್ತಾ.

"ಇತ್ತಲ್ಲಕ್ಕಾ, ಮೂರನೇ ಸಾಲಲ್ಲೇ."

ಅವಳಿಗೆ ನೆನಪಾಗಲಿಲ್ಲ. ಪಾಪ, ಗಾಬರಿಯಲ್ಲಿ ಏನೇನೋ ಓದಿಕೊಂಡಿದ್ದಾನೆ ಅಂದುಕೊಂಡಳು.

ಊಟವಾದ ಮೇಲೆ ಸಿರಿ ತಿದ್ದುವ ಕೆಲಸ ಕೊಟ್ಟಳು. "ಹಿಂದಿನ ಸಲ ಪರೀಕ್ಷೆ ಬರೆದವರೊಬ್ಬರ ಅನುವಾದ ಇದು. ನೀವು ಮಾಡಿದ್ರಲ್ಲ, ಅದೇ ಪುಟ. ತಿದ್ದಿದ್ದೆಲ್ಲ ಕಾಣೋ ಹಾಗೆ ಇಟ್ಟಿದೀನಿ. ಪ್ರತಿ ತಿದ್ದುಪಡಿಗೂ ಕಾರಣ ಬರೀಬೇಕು. ಅರ್ಥ ತಪ್ಪಿದ್ದರೆ ತಿದ್ದಿ, ಕನ್ನಡ ತೊಡಕಾಗಿದ್ದರೆ ತಿದ್ದಿ. ನಿಮಗೆ ಇಷ್ಟ ಇಲ್ಲ ಅಂತ ಮಾತ್ರ ಬದಲಾಯಿಸಬೇಡಿ. ಅದಕ್ಕೆ ಅಂಕ ಹೋಗುತ್ತೆ."

ಕಡತದಲ್ಲಿ ಮೊದಲ ಸಾಲಿಗೇ ಜಯಮಾಲಾಳ ಹುಬ್ಬು ಮೇಲೇರಿತು. 'ಮೂರು ಆಲೂಗಡ್ಡೆಗಳನ್ನು ಕುದಿಸಿರಿ.' ಇದೇನಿದು, ಆಲೂಗಡ್ಡೆ ಎಲ್ಲಿಂದ ಬಂತು? ಅಡ್ಡಗೆರೆ ಎಳೆದು, 'ಮೂಲದಲ್ಲಿ ಇಲ್ಲದ್ದನ್ನು ಸೇರಿಸಲಾಗಿದೆ' ಎಂದು ಬರೆದಳು. ಎರಡನೆಯ ಸಾಲಿನಲ್ಲಿ ಬೆಳ್ಳುಳ್ಳಿ. ಅದಕ್ಕೂ ಗೆರೆ. ಮೂರನೆಯ ಸಾಲು: 'ಈರುಳ್ಳಿಗಳನ್ನು ಅವು ಅರೆಪಾರದರ್ಶಕವಾಗುವವರೆಗೆ ಹುರಿಯಿರಿ.' ಅಯ್ಯೋ ರಾಮ! ಈ ಪುಣ್ಯಾತ್ಮ ತನ್ನ ಮನೆಯ ಅಡುಗೆಯನ್ನೇ ಬರೆದುಬಿಟ್ಟಿದ್ದಾನಲ್ಲ ಅಂತ ಸಿಟ್ಟು ಬಂತು. 'ಮೂಲವನ್ನು ಬದಲಿಸುವ ಅಧಿಕಾರ ಅನುವಾದಕರಿಗಿಲ್ಲ' ಎಂದು ಖಾರವಾಗಿಯೇ ಟಿಪ್ಪಣಿ ಹಾಕಿದಳು. ಬರೆದಾದ ಮೇಲೆ, ಕಾರಣ ಕೇಳಿದರೆ ತೋರಿಸಲು ಬೇಕಲ್ಲ ಅಂತ, ಇಂಗ್ಲಿಷ್ ಮೂಲವನ್ನು ಪಕ್ಕಕ್ಕೆ ತೆರೆದು ಸಾಲಿನ ಮೇಲೆ ಬೆರಳಿಟ್ಟಳು.

ಆಲೂಗಡ್ಡೆ ಇತ್ತು. ಬೆಳ್ಳುಳ್ಳಿ ಇತ್ತು. ಮೂರನೆಯ ಸಾಲಿನಲ್ಲಿ ಈರುಳ್ಳಿಯೂ ಇತ್ತು, ಸಂತೋಷ್ ಹೇಳಿದ ಆ ಟ್ರಾನ್ಸ್‌ಲೂಸೆಂಟೂ ಇತ್ತು.

ತಾನು ಬೆಳಿಗ್ಗೆ ಬರೆದದ್ದು ಒಂದೊಂದಾಗಿ ನೆನಪಿಗೆ ಬಂತು. ಬಾಳೆಕಾಯಿ. ಇಂಗು. ಒಂದು ಸಣ್ಣ ಉಸಿರು. ಮುತ್ತಿನ ಹಾಗಿದೆ ಅಂದುಕೊಂಡ ಆ ಪುಟದಲ್ಲಿ ಅರ್ಧ ಅಡುಗೆಯೇ ಬೇರೆ! ಕಣ್ಣು ಓದಿದೆ, ಕೈ ಬಿಟ್ಟಿದೆ, ನಡುವೆ ಇರಬೇಕಾಗಿದ್ದ ಅವಳು ಎಲ್ಲಿಗೆ ಹೋಗಿದ್ದಳೋ. ಅದೂ ಸಾಲದು ಅಂತ, ಸರಿ ಬರೆದವನ ಮೇಲೆ ಅಧಿಕಾರದ ಪಾಠ ಬೇರೆ.

ಸಲ್ಲಿಸಿದ್ದು ಮತ್ತೆ ತೆರೆಯುವುದಿಲ್ಲ. ಸುಮ್ಮನಿದ್ದುಬಿಡಲೇ ಅನ್ನಿಸಿದ್ದು ನಿಜ. ಓದಿದರೆ ಎಷ್ಟು ಚೆನ್ನಾಗಿದೆ, ಅವಸರದಲ್ಲಿ ನೋಡಿದರೆ ಗೊತ್ತಾಗದೆಯೂ ಹೋಗಬಹುದು. ತಲೆಯೆತ್ತಿ ಸಿರಿಯ ಮುಖ ನೋಡಿದಳು. ಗೊತ್ತಾಗದೆ ಹೋಗುವ ಮುಖವಲ್ಲ ಅದು. ಆದರೆ ನಿಜ ಹೇಳಬೇಕೆಂದರೆ ಅವಳನ್ನು ತಡೆದದ್ದು ಸಿರಿಯ ಹೆದರಿಕೆಯಲ್ಲ. ಸಾಬೂನಿನ ಹೊದಿಕೆಯಿಂದ ಹಿಡಿದು ಊರ ಬೋರ್ಡುಗಳ ತನಕ ಕಂಡವರ ತಪ್ಪನ್ನೆಲ್ಲ ಆಡಿಕೊಂಡು, ತನ್ನ ತಪ್ಪು ಬಂದಾಗ ಬಾಯಿ ಮುಚ್ಚಿಕೊಳ್ಳುವುದು ಅವಳಿಗೆ ಒಗ್ಗಲಿಲ್ಲ.

ಎಳೆದ ಗೆರೆಗಳನ್ನೂ ಹಾಕಿದ ಖಾರದ ಟಿಪ್ಪಣಿಯನ್ನೂ ತೆಗೆದಳು. ಆಲೂಗಡ್ಡೆಯನ್ನು ಅದರ ಜಾಗದಲ್ಲಿ ಕೂರಿಸಿ, 'ಕುದಿಸಿರಿ' ಅನ್ನುವುದನ್ನು 'ಬೇಯಿಸಿ' ಮಾಡಿದಳು. ಇದು ತೊಡಕು, ಇಷ್ಟಾನಿಷ್ಟದ ಮಾತಲ್ಲ. ಒಂದು ಕಡೆ ಸಣ್ಣ ಉರಿ ಇದ್ದದ್ದು ಜೋರು ಉರಿಯಾಗಿತ್ತು, ಅರ್ಥದ ತಪ್ಪು ಎಂದು ತಿದ್ದಿದಳು. 'ಅರೆಪಾರದರ್ಶಕ'ದ ಹತ್ತಿರ ಬಂದಾಗ ಕೈ ನಿಂತಿತು. ಯಾವ ಅಡುಗೆಯವರೂ ಹೀಗೆ ಮಾತಾಡುವುದಿಲ್ಲ ಅನ್ನುವುದು ಗೊತ್ತು, ಹೇಗೆ ಮಾತಾಡುತ್ತಾರೆ ಅನ್ನುವುದು ಗೊತ್ತಿಲ್ಲ. ಹುಟ್ಟಿದಾಗಿನಿಂದ ಅವಳು ಈರುಳ್ಳಿಯನ್ನು ಬಾಣಲೆಯಲ್ಲಿ ನೋಡಿದವಳೇ ಅಲ್ಲ. 'ಈ ಪದ ಓದುಗರಿಗೆ ತಿಳಿಯದು. ಸರಿಯಾದ ಬಳಕೆ ನನಗೆ ಗೊತ್ತಿಲ್ಲ, ಕೇಳಿ ತಿಳಿದು ಹಾಕಬೇಕು' ಎಂದು ಇದ್ದದ್ದನ್ನೇ ಬರೆದಳು. ಎಲ್ಲಕ್ಕಿಂತ ಕೆಳಗೆ ಇನ್ನೊಂದು ಟಿಪ್ಪಣಿ: 'ಇದೇ ಪುಟದ ನನ್ನ ಅನುವಾದದಲ್ಲಿ ಆಲೂಗಡ್ಡೆ, ಬೆಳ್ಳುಳ್ಳಿ ಬದಲಾಗಿವೆ, ಈರುಳ್ಳಿ ಬಿಟ್ಟುಹೋಗಿದೆ. ತಪ್ಪು ನನ್ನದು. ಅದನ್ನು ಈ ರೂಪದಲ್ಲಿ ಬಳಸಬೇಡಿ.'

ಸಲ್ಲಿಸಿದ ಮೇಲೆ ಒಳಗೆ ಕರೆದರು. ಶಶಿಧರ್ ಮುಂದೆ ಅವಳ ಬೆಳಗಿನ ಪುಟ ಇತ್ತು, ಉದ್ದಕ್ಕೂ ಸಿರಿಯ ಕೆಂಪು ಗುರುತು.

"ಕನ್ನಡ ತುಂಬಾ ಚೆನ್ನಾಗಿದೆ ಮೇಡಂ" ಅಂದಳು ಸಿರಿ. "ಆದರೆ ಇದು ನಮ್ಮ ಗಿರಾಕಿಯ ಸಾಗು ಅಲ್ಲ. ನಿಮ್ಮ ಟಿಪ್ಪಣಿ ನೋಡೋಕೆ ಮುಂಚೆನೇ ಗುರುತು ಹಾಕಿದ್ದೆ. ನಮ್ಮಲ್ಲಿ ಇದು ದೊಡ್ಡ ತಪ್ಪು. ಒಂದಿದ್ದರೂ ಫೇಲ್. ಇಲ್ಲಿ ಮೂರಿದೆ."

"ಹೌದು."

"ಯಾಕೆ ಹೀಗಾಯ್ತು?" ಶಶಿಧರ್ ಕೇಳಿದರು.

ಜಯಮಾಲಾ ಹೇಳಿದಳು. ಅತ್ತೆ, ಅಡುಗೆಮನೆ ಬಾಗಿಲು, ಬಿಟ್ಟು ಓದುವುದು, ವಾಟ್ಸಾಪ್ ಗುಂಪು, ಎಲ್ಲ. ಹೇಳುತ್ತಾ ಹೇಳುತ್ತಾ ಅವಳಿಗೇ ನಗು ಬಂತು. ಶಶಿಧರ್ ಅಂತೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಸಿರಿ ನಗಲಿಲ್ಲ.

"ಸಾಗು ಆದ್ದರಿಂದ ನಗ್ತಾ ಇದೀವಿ ಸರ್. ನಾಳೆ ಆಸ್ಪತ್ರೆಯಿಂದ ಮಾತ್ರೆ ಸೂಚನೆ ಬಂದಾಗ ಕೈ ತಾನಾಗೇ ಏನಾದರೂ ಬಿಟ್ಟರೆ?"

ಆ ಮಾತು ಜಯಮಾಲಾಳಿಗೆ ನಾಟಿತು. ಹುಡುಗಿ ಹೇಳಿದ್ದು ಸರಿ. "ನೀವು ಹೇಳೋದು ನಿಜ" ಅಂದಳು. "ಇವತ್ತಿನವರೆಗೂ ಕೈ ತಾನಾಗೇ ಬಿಡುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು."

"ಈ ಆ್ಯಪ್‌ನಲ್ಲಿ ಕೋಳಿ, ಮೀನು ಎಲ್ಲ ಬರುತ್ತೆ. ಅದನ್ನೇನು ಮಾಡ್ತೀರಿ?" ಸಿರಿ ಕೇಳಿದಳು.

ಕೆಲಸ ಬೇಕಾದವಳು ಎಲ್ಲಕ್ಕೂ ಹೂಂ ಅನ್ನಬಹುದಿತ್ತು, ಜಯಮಾಲಾ ಅನ್ನಲಿಲ್ಲ. "ಈರುಳ್ಳಿ, ಬೆಳ್ಳುಳ್ಳಿ ಬರೀತೀನಿ, ಒಂದೂ ಬಿಡಲ್ಲ. ಮಾಂಸದ್ದು ಬಂದ್ರೆ ಆಗಲ್ಲ ಅಂತ ಮೊದಲೇ ಹೇಳಿ ವಾಪಸ್ ಕೊಡ್ತೀನಿ. ತಗೊಂಡು ಬದಲಾಯಿಸಲ್ಲ."

ಶಶಿಧರ್ ಸಿರಿಯ ಕಡೆ ನೋಡಿದರು. "ಮಾಂಸದ್ದು ಮಾಡೋಕೆ ಬೇರೆಯವರಿದ್ದಾರೆ. ಪತ್ರಿಕೇಲಿ ಇದ್ದಾಗ ನಾನು ಕಂಡಿದ್ದು ಇಷ್ಟೇ, ತಪ್ಪು ಮಾಡದೋರು ಸಿಗಲ್ಲ, ಪ್ರಿಂಟ್‌ಗೆ ಹೋಗೋಕೆ ಮುಂಚೆ ಬಂದು ಹೇಳೋರು ಸಿಗ್ತಾರೆ. ಇನ್ನೊಂದು ಪುಟ ಕೊಟ್ಟು ನೋಡೋಣ. ನಿರ್ಧಾರ ನಿಂದೇ."

ಸಿರಿ ಇನ್ನೊಂದು ಪುಟ ತೆಗೆದಳು. "ಸರಿ. ಅದೇ ಗಿರಾಕಿಯ ಟೊಮೆಟೊ ಗೊಜ್ಜು. ಮನೆಯಿಂದಲೇ ಮಾಡಿ, ನಾಳೆ ಮಧ್ಯಾಹ್ನದೊಳಗೆ ಕಳಿಸಿ. ಇದರಲ್ಲಿ ಒಂದು ಬಿಟ್ಟರೂ ನಾನು ಒಪ್ಪಲ್ಲ ಮೇಡಂ. ಈಗಲೇ ಹೇಳ್ತೀನಿ."

ಬಸ್ಸು ತಡವಾಗಿ ಸಿಕ್ಕಿತು. ಹಳೇಬೀಡಿನಲ್ಲಿ ಇಳಿದಾಗ ಕೆರೆಯ ಮೇಲಿನ ಬಿಸಿಲು ಹಳದಿಯಾಗಿತ್ತು. ಓಡೋಡಿ ಮನೆಗೆ ಬಂದರೆ ಪದ್ಮಾವತಮ್ಮ ಎರಡು ತಟ್ಟೆ ಹಾಕಿಕೊಂಡು ಹೊರಬಾಗಿಲ ಕಡೆಯೇ ನೋಡುತ್ತಾ ಕೂತಿದ್ದರು. "ಬಂದ್ಯಾ? ಬೇಗ ಕೈ ತೊಳಿ, ಹೊತ್ತೈತೆ ಇನ್ನೂ." ಕತ್ತಲಾದ ಮೇಲೆ ಉಣ್ಣುವ ಮನೆಯಲ್ಲ; ಹೊತ್ತು ಮುಳುಗುವುದಕ್ಕೂ ಕೊನೆಯ ತುತ್ತಿಗೂ ಸರಿಹೋಯಿತು. ತಟ್ಟೆ ಎತ್ತಿದ ಮೇಲೆ ಅತ್ತೆ ಕೇಳಿದರು, ಸೊಸೆ ಹೇಳಿದಳು. ಏನೂ ಬಿಡದೆ ಹೇಳಿದಳು.

ಪದ್ಮಾವತಮ್ಮ ಸೆರಗಿನ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಕೂತರು. "ಹಂಗಾದ್ರೆ ನನ್ನಿಂದ ನಿನ್ನ ಕೆಲಸ ಹೋಯ್ತು ಅನ್ನು."

"ಇನ್ನೂ ಹೋಗಿಲ್ಲ ಅತ್ತೆ. ನಿಮ್ಮಿಂದ ಯಾಕೆ ಹೋಗುತ್ತೆ?"

"ಬಿಟ್ಟು ಓದು ಅಂದೋಳು ನಾನೇ ತಾನೇ?" ಅಂದು ಎದ್ದು ಹೋದರು. ಅವರ ಧ್ವನಿ ಸಣ್ಣಗಾಗಿದ್ದು ಕೇಳಿ ಜಯಮಾಲಾಳಿಗೆ, ಫೇಲ್ ಅಂದಾಗ ಆಗದ ಸಂಕಟ ಈಗ ಆಯಿತು.

ಮಾರನೆಯ ಬೆಳಿಗ್ಗೆ ಬಸದಿಗೆ ಹೋಗಿ ಬಂದವಳೇ ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಈ ಸಲ ಸಾಲು ಸಾಲಿಗೂ ಬೆರಳಿಟ್ಟು ನಡೆದಳು. ಈರುಳ್ಳಿ ಬಂತು, ಬರೆದಳು. ಬೆಳ್ಳುಳ್ಳಿ ಬಂತು, ಬರೆದಳು. ಆಮೇಲೆ ಬಂತು ನೋಡಿ, ನಿನ್ನೆಯ ಅದೇ ಶನಿ: ಈರುಳ್ಳಿ ಟ್ರಾನ್ಸ್‌ಲೂಸೆಂಟ್ ಆಗುವವರೆಗೆ. 'ಪಾರದರ್ಶಕ' ಹಾಕಿದಳು, ಅಳಿಸಿದಳು. 'ಗಾಜಿನಂತೆ' ಹಾಕಿದಳು, ಅದನ್ನೂ ಅಳಿಸಿದಳು. ಅಂಗಡಿಗೆ ಹೊರಟಿದ್ದ ನೇಮಿನಾಥನನ್ನು ಕೇಳಿದರೆ, "ನಾನು ಮೂಟೆ ನೋಡಿದೀನಿ ಕಣೇ, ಬಾಣಲೆ ನೋಡಿಲ್ಲ" ಅಂದ. ಕೊನೆಗೆ ಹಿತ್ತಲಿಗೆ ಹೋಗಿ ಗೋಡೆಯಾಚೆಯ ರಂಗಮ್ಮನನ್ನು ಕೂಗಿದಳು.

"ರಂಗಮ್ಮ, ಈರುಳ್ಳಿ ಹಾಕಿ ಹುರೀತೀರಲ್ಲ, ಎಲ್ಲಿವರೆಗೆ ಹುರೀತೀರಿ?"

ರಂಗಮ್ಮ ಹಾಲಿನ ಕ್ಯಾನು ಬಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಎಲ್ಲಿಗಂಟ ಅಂದ್ರೆ? ಆಗೋಗಂಟ ಕಣವ್ವ. ಇದೇನು, ಜೈನರ ಮನೇಲಿ ಇವತ್ತು ಈರುಳ್ಳಿ ಇಚಾರ? ಅತ್ತೆಮ್ಮಾರು ಊರಲ್ಲಿಲ್ವಾ?" ಎಂದು ನಕ್ಕು ಒಳಗೆ ಹೋದಳು.

ಒಳಗೆ ಬಂದು ನೋಡಿದರೆ ಅತ್ತೆಮ್ಮಾರು ಲ್ಯಾಪ್‌ಟಾಪಿನ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು.

"ಓದು" ಅಂದರು.

"ಏನು ಅತ್ತೆ?"

"ನೀನು ಬರೆದಿರೋದನ್ನ ಓದು. ಒಂದೂ ಬಿಡಬೇಡ. ಇದೇನು ಅಡುಗೆಮನೆ ಅಲ್ವಲ್ಲ."

ಜಯಮಾಲಾ ಓದಿದಳು. ಈರುಳ್ಳಿ ಎಂದಾಗ ಧ್ವನಿ ತಾನಾಗೇ ತಗ್ಗಿತು. "ಗಟ್ಟಿಯಾಗಿ" ಅಂದರು ಪದ್ಮಾವತಮ್ಮ. ಗಟ್ಟಿಯಾಗಿ ಓದಿದಳು. ಸಿಕ್ಕಿಬಿದ್ದ ಜಾಗಕ್ಕೆ ಬಂದು, "ಇಲ್ಲಿ ಗೊತ್ತಾಗ್ತಿಲ್ಲ ಅತ್ತೆ. ಈರುಳ್ಳಿ ಬಣ್ಣ ತಿರುಗೋಕೆ ಮುಂಚೆ, ಬಿಳಿ ಹೋಗಿ ತೆಳ್ಳಗೆ ಹೊಳೆಯೋ ಹದ ಅಂತೆ. ಅದನ್ನ ಜನ ಏನಂತಾರೋ?" ಅಂದಳು.

"ಹುರಿಯೋದು ಅಂತ ಯಾಕೆ ಬರೆದಿದೀಯ? ಈರುಳ್ಳೀನ ಬಾಡಿಸೋದು ಅಂತಾರೆ. ಮೆತ್ತಗಾಗಿ ಹಸಿ ವಾಸನೆ ಹೋಗೋವರೆಗೆ ಬಾಡಿಸೋದು. ಕೆಂಪಗಾದ್ರೆ ಅದು ಬೇರೆ ವಾಸನೆ, ಸಿಹಿ ಸಿಹಿ. ಆಮೇಲೂ ಬಿಟ್ರೆ ಕರಕಲು."

ಜಯಮಾಲಾ ಬಾಯಿ ತೆರೆದುಕೊಂಡು ನೋಡಿದಳು. "ನಿಮಗೆ ಹೇಗೆ ಗೊತ್ತು ಅತ್ತೆ?"

"ಮೂಗಿಲ್ವೇನೇ ನನಗೆ?" ಪದ್ಮಾವತಮ್ಮ ರೇಗಿದರು. "ಈ ಮನೆಗೆ ಬಂದಾಗಿಂದ ರಂಗಿ ಮನೆ ಒಗ್ಗರಣೆ ಗೋಡೆ ದಾಟಿ ಬರ್ತಾನೇ ಐತೆ. ಹೆಸರು ಎತ್ತಬೇಡ ಅಂತ ನಿನಗೆ ಹೇಳ್ಬೋದು, ಗಾಳಿಗೆ ಹೇಳೋಕಾಗುತ್ತಾ? ರಂಗಿ ಅತ್ತೆ ಅವಳಿಗೆ ಕೂಗಿ ಕೂಗಿ ಹೇಳಿಕೊಡ್ತಿದ್ರು, 'ಹಸಿ ವಾಸನೆ ಹೋಗ್ಲಿ ಕಣೇ, ಇನ್ನೂ ಬಾಡಿಸು' ಅಂತ. ಅವಳು ಕಲಿತಳೋ ಇಲ್ವೋ, ನಾನು ಕಲಿತೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಅತ್ತೆಯೇ.

ಜಯಮಾಲಾ ಬರೆದಳು: 'ಈರುಳ್ಳಿ ಮೆತ್ತಗಾಗಿ, ಹಸಿ ವಾಸನೆ ಹೋಗುವವರೆಗೆ ಬಾಡಿಸಿ. ಕೆಂಪಗಾಗಲು ಬಿಡಬೇಡಿ.' ಪಕ್ಕದಲ್ಲಿ ಟಿಪ್ಪಣಿ ಹಾಕಿದಳು: 'ಮೂಲದಲ್ಲಿ ಕಣ್ಣಿಗೆ ಕಾಣುವ ಗುರುತಿದೆ, ಕನ್ನಡದ ಅಡುಗೆಯವರು ಇದೇ ಹದವನ್ನು ವಾಸನೆಯಿಂದ ಹೇಳುತ್ತಾರೆ. ಕೆಂಪಗಾಗುವ ಮಾತು ಮೂಲದಲ್ಲಿಲ್ಲ, ಹದ ತಪ್ಪದಿರಲೆಂದು ಸೇರಿಸಿದ್ದೇನೆ. ಬೇಡವೆಂದರೆ ತೆಗೆಯಬಹುದು.' ಆಮೇಲೆ ಮೂಲವನ್ನು ಅತ್ತೆಗೆ ಸಾಲು ಸಾಲಾಗಿ ಹೇಳಿ, ತನ್ನದನ್ನು ಓದಿ, ಎರಡೂ ಕೂಡುತ್ತವೆಯೇ ಎಂದು ನೋಡಿಯೇ ಕಳಿಸಿದಳು. ಪದ್ಮಾವತಮ್ಮ ಒಂದೊಂದು ಸಾಲಿಗೂ "ಹೂಂ, ಬಂತು" ಅನ್ನುತ್ತಾ ಕೂತಿದ್ದರು.

ಮಧ್ಯಾಹ್ನ ಕಳೆಯಿತು. ಸಂತೋಷ್‌ಗೇ ಸಿಕ್ಕಿರಬೇಕು ಅಂತ ಜಯಮಾಲಾ ಮನಸ್ಸು ಗಟ್ಟಿ ಮಾಡಿಕೊಂಡು ಬತ್ತಿ ಹೊಸೆಯುತ್ತಿದ್ದಾಗ ಫೋನ್ ಬಂತು. ಸಿರಿ.

"ಮೇಡಂ, ಒಂದೂ ಬಿಟ್ಟಿಲ್ಲ. ಆ ಕೆಂಪಗಾಗೋ ಸಾಲು ತೆಗೆದಿದೀನಿ. ಹಸಿ ವಾಸನೆ ಉಳಿಸಿಕೊಂಡಿದೀನಿ." ಆಮೇಲೆ ಹೇಳಿದಳು, "ನಮ್ಮಮ್ಮನೂ ಹಾಗೇ ಅನ್ನೋದು. ನಂಗೆ ಇಷ್ಟು ದಿನ ಹೊಳೆದೇ ಇರಲಿಲ್ಲ. ಸೋಮವಾರದಿಂದ ಶುರು ಮಾಡ್ತೀರಾ?"

ಜಯಮಾಲಾ ಏನೆಂದಳೋ ಅವಳಿಗೇ ನೆನಪಿಲ್ಲ. ಫೋನಿಟ್ಟು ಓಡಿದ್ದು ಅಡುಗೆಮನೆಗೆ. "ಅತ್ತೆ, ಆಯ್ತು! ಕೆಲಸ ಆಯ್ತು!" ಪದ್ಮಾವತಮ್ಮ ಸೊಸೆಯ ಗಲ್ಲ ಹಿಡಿದರು, ಕಣ್ಣು ತುಂಬಿಕೊಂಡಿತ್ತು, ಅದನ್ನು ಒಪ್ಪಿಕೊಳ್ಳುವ ಹೆಂಗಸಲ್ಲ. "ಆಗ್ದೇ ಏನು? ಇನ್ಮೇಲೆ ಬಂದಿದ್ದನ್ನೆಲ್ಲ ನನ್ನ ಮುಂದೆ ಓದು. ನಡುಮನೇಲಿ" ಎಂದು ಒಲೆಯ ಕಡೆ ತಿರುಗಿದರು.

ಅದೇ ಹೊತ್ತಿಗೆ ಗೋಡೆಯಾಚೆ ಬಾಣಲೆ ಚೊಯ್ ಎಂದಿತು. ಗಾಳಿ ಈ ಕಡೆಗೇ ಇತ್ತು. ಪದ್ಮಾವತಮ್ಮ ಮೂಗರಳಿಸಿದರು, ತಡೆದುಕೊಂಡರು, ಮತ್ತೊಮ್ಮೆ ಅರಳಿಸಿದರು. ಸೌಟು ಹಿಡಿದುಕೊಂಡೇ ಸರಸರನೆ ಹಿತ್ತಲ ಬಾಗಿಲಿಗೆ ಹೋದರು.

"ರಂಗೀ! ಇನ್ನೂ ಬಾಡಿಲ್ಲ ಕಣೇ, ಹಸಿ ವಾಸನೆ ಐತೆ. ಇಳಿಸಬೇಡ!"